ಸಭಾಭವನದ ತಾತ್ಕಾಲಿಕ ಕಾಯ್ದಿರಿಸುವಿಕೆ

ತಾತ್ಕಾಲಿಕ ಕಾಯ್ದಿರಿಸುವಿಕೆ ಎಂದರೆ ಮದುವೆ, ಉಪನಯನ, ಸಭೆ, ಯಕ್ಷಗಾನ ಮುಂತಾದ ಕಾರ್ಯಕ್ರಮಕ್ಕಾಗಿ ಒಂದು ಸಭಾಭವನದ ನಿರ್ದಿಷ್ಟ ದಿನವನ್ನು, ಮುಂಗಡ ಹಣ ಪಾವತಿಯಾಗುವ ಮೊದಲೇ, ಸ್ವಲ್ಪ ಕಾಲದವರೆಗೆ ಒಬ್ಬರ ಹೆಸರಿನಲ್ಲಿ ಹಿಡಿದಿಡುವ ಏರ್ಪಾಡು. ಮುಂಗಡ ಸಂದಾಯವಾಗಿ ರಸೀದಿ ದೊರೆತ ಅನಂತರದ ಸ್ಥಿತಿಯನ್ನು ಖಚಿತ ಕಾಯ್ದಿರಿಸುವಿಕೆ ಎನ್ನುತ್ತಾರೆ. ಇವೆರಡರ ನಡುವಿನ ಗೆರೆಯೇ ಬಿಡುಗಡೆಯ ಗಡುವು. ಆ ಹೊತ್ತಿನೊಳಗೆ ಹಣ ಬಾರದಿದ್ದರೆ ಹಿಡಿದಿಟ್ಟ ದಿನವು ತೆರವಾಗಿ, ಮುಂದಿನವರಿಗೆ ದೊರೆಯುತ್ತದೆ.

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಮದುವೆಯ ದಿನಗಳು ವರ್ಷದ ಕೆಲವೇ ತಿಂಗಳುಗಳಲ್ಲಿ ದಟ್ಟವಾಗಿ ಬರುವುದರಿಂದ ಈ ಏರ್ಪಾಡಿನ ಬಳಕೆ ಹೆಚ್ಚು. ಮಾತಿನಲ್ಲಿ ಇದನ್ನು 'ಡೇಟ್ ಹಿಡಿದಿಡುವುದು' ಎಂದೂ, ಖಚಿತಪಡಿಸುವುದನ್ನು 'ಅಡ್ವಾನ್ಸ್ ಕೊಟ್ಟು ಬುಕ್ ಮಾಡುವುದು' ಎಂದೂ ಹೇಳುತ್ತಾರೆ. ಹಿಡಿದಿಡುವುದನ್ನೇ ಬುಕ್ ಮಾಡಿದಂತೆ ಎಂದು ತಿಳಿಯುವುದು ಈ ವ್ಯವಹಾರದಲ್ಲಿ ಉಂಟಾಗುವ ಬಹುತೇಕ ಮನಸ್ತಾಪಗಳಿಗೆ ಮೂಲ.

## ನಾಲ್ಕು ಹಂತಗಳು

ಸಭಾಭವನದ ಒಂದು ದಿನವು ಸಾಮಾನ್ಯವಾಗಿ ನಾಲ್ಕು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ. ಮೊದಲನೆಯದು ವಿಚಾರಣೆ. 'ಆ ದಿನ ಖಾಲಿ ಇದೆಯೇ' ಎಂದು ಕೇಳಿ, 'ಇದೆ' ಎಂಬ ಉತ್ತರ ಪಡೆದರೆ ಅದು ಮಾಹಿತಿ ಮಾತ್ರ. ಅದರಿಂದ ಯಾರಿಗೂ ಯಾವ ಹಕ್ಕೂ ಹುಟ್ಟುವುದಿಲ್ಲ. ಹತ್ತು ನಿಮಿಷದ ಅನಂತರ ಬಂದ ಇನ್ನೊಬ್ಬರಿಗೆ ಅದೇ ದಿನವನ್ನು ಕೊಟ್ಟರೆ ಭವನದವರು ತಪ್ಪು ಮಾಡಿದಂತಾಗುವುದಿಲ್ಲ.

ಎರಡನೆಯದು ತಾತ್ಕಾಲಿಕ ಹಿಡಿತ. ಇದಕ್ಕೆ ಕೇಳಿದವರ ಹೆಸರು, ದೂರವಾಣಿ ಸಂಖ್ಯೆ, ಕಾರ್ಯಕ್ರಮದ ಸ್ವರೂಪ ಮತ್ತು ಬಿಡುಗಡೆಯ ಗಡುವು ಎಂಬ ನಾಲ್ಕು ವಿವರಗಳು ಬೇಕು. ಕೊನೆಯದು ಇಲ್ಲದಿದ್ದರೆ ಅದು ಹಿಡಿತವೂ ಅಲ್ಲ, ವಿಚಾರಣೆಯೂ ಅಲ್ಲ. ಕೇಳಿದವರು ದಿನ ತಮ್ಮದಾಯಿತೆಂದು ನಂಬಿರುತ್ತಾರೆ, ಭವನದವರು ಅವರು ಮರಳಿ ಬರಲಿಲ್ಲವೆಂದು ಭಾವಿಸಿರುತ್ತಾರೆ.

ಮೂರನೆಯದು ಖಚಿತ ಕಾಯ್ದಿರಿಸುವಿಕೆ. ನಿಗದಿತ ಮುಂಗಡ ಸಂದಾಯವಾಗಿ, ದಿನಾಂಕ ಮತ್ತು ವೇಳೆಯನ್ನು ನಮೂದಿಸಿದ ರಸೀದಿ ಕೈಸೇರಿದಾಗ ಇದು ಪೂರ್ಣವಾಗುತ್ತದೆ. ನಾಲ್ಕನೆಯದು ತೆರವು. ಹಿಡಿತದ ಗಡುವು ಮುಗಿದು ದಿನವು ತೆರವಾಗುವುದನ್ನು ಬಿಡುಗಡೆ ಎನ್ನುತ್ತಾರೆ. ಖಚಿತವಾದುದನ್ನು ಕೈಬಿಡುವುದು ರದ್ದತಿ. ಬಿಡುಗಡೆಯಲ್ಲಿ ಹಿಂದಿರುಗಿಸಬೇಕಾದ ಹಣವಿಲ್ಲ, ರದ್ದತಿಯಲ್ಲಿ ಇದೆ. ಆದ್ದರಿಂದ ಇವೆರಡರ ನಿಯಮಗಳು ಬೇರೆಬೇರೆಯಾಗಿರುತ್ತವೆ.

## ಕರಾವಳಿಯ ಹಿನ್ನೆಲೆ

ಈ ಮೂರು ತಾಲೂಕುಗಳಲ್ಲಿ ಸಭಾಭವನದ ಬೇಡಿಕೆಯು ಪಂಚಾಂಗವನ್ನು ಅನುಸರಿಸುತ್ತದೆ. ಆಷಾಢ, ಪಿತೃಪಕ್ಷ ಮತ್ತು ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಧನುರ್ಮಾಸಗಳಲ್ಲಿ ಮದುವೆಗಳು ಬಹುಮಟ್ಟಿಗೆ ನಡೆಯುವುದಿಲ್ಲ. ಗುರು ಅಥವಾ ಶುಕ್ರ ಅಸ್ತವಾಗಿರುವ ದಿನಗಳನ್ನೂ ಅನೇಕರು ಬಿಡುತ್ತಾರೆ. ಉಳಿದ ಕಾಲದಲ್ಲಿಯೂ ವಧೂವರರ ಜಾತಕಕ್ಕೆ ಹೊಂದುವ ಮುಹೂರ್ತಗಳು ಕೆಲವೇ. ಇದರ ಮೇಲೆ ರಜೆಯ ಒತ್ತಡವೂ ಸೇರುತ್ತದೆ. ಈ ಭಾಗದ ಅನೇಕ ಕುಟುಂಬಗಳ ಸದಸ್ಯರು ಬೆಂಗಳೂರು, ಮುಂಬಯಿ ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ಹೋಟೆಲು ಮೊದಲಾದ ಉದ್ಯೋಗಗಳಲ್ಲಿದ್ದಾರೆ. ಶಾಲೆಗಳಿಗೆ ರಜೆಯಿರುವ, ಮಳೆ ಇನ್ನೂ ಹಿಡಿಯದ ಏಪ್ರಿಲ್ ಮತ್ತು ಮೇ ತಿಂಗಳುಗಳೇ ಅವರಿಗೆ ಅನುಕೂಲ. ಹೀಗಾಗಿ ಒಳ್ಳೆಯ ಮುಹೂರ್ತವಿರುವ ಒಂದು ಭಾನುವಾರಕ್ಕೆ ಒಂದೇ ಭವನವನ್ನು ನಾಲ್ಕಾರು ಕುಟುಂಬಗಳು ಕೇಳುವುದುಂಟು. ಅದೇ ಭವನವು ಆಷಾಢದಲ್ಲಿ ವಾರಗಟ್ಟಲೆ ಖಾಲಿ ಉಳಿಯುವುದೂ ಉಂಟು.

ಈ ಪರಿಸ್ಥಿತಿಯಲ್ಲಿ ಎರಡೂ ಕಡೆಯವರಿಗೆ ತಾತ್ಕಾಲಿಕ ಹಿಡಿತ ಬೇಕಾಗುತ್ತದೆ. ಪುರೋಹಿತರು ಎರಡು ಮೂರು ಮುಹೂರ್ತಗಳನ್ನು ಸೂಚಿಸುತ್ತಾರೆ. ಎರಡೂ ಮನೆಯವರು ಒಪ್ಪಬೇಕು, ಪರವೂರಿನಲ್ಲಿರುವ ಹತ್ತಿರದ ಬಂಧುಗಳಿಗೆ ರಜೆ ಸಿಗಬೇಕು, ಅಡುಗೆಯವರು ಆ ದಿನ ಬಿಡುವಾಗಿರಬೇಕು. ಇಷ್ಟೆಲ್ಲ ಕೂಡಿಬರುವ ಮೊದಲೇ ಮುಂಗಡ ಕಟ್ಟಿದರೆ ಹಣ ಕಳೆದುಕೊಳ್ಳುವ ಭಯ. ಕೂಡಿಬರಲೆಂದು ಕಾದರೆ ಭವನ ಕೈತಪ್ಪುವ ಭಯ. ಅನೇಕ ವೇಳೆ ಭವನ ದೊರೆಯುವ ದಿನವನ್ನು ನೋಡಿಕೊಂಡೇ ಮುಹೂರ್ತವನ್ನು ಆಯ್ಕೆ ಮಾಡುವುದೂ ಇದೆ.

ಭವನದವರ ಸಂಕಟ ಬೇರೆ ಬಗೆಯದು. ಒಂದು ಕುಟುಂಬವು ಮೂರು ಮುಹೂರ್ತಗಳಿಗಾಗಿ ಎರಡು ಭವನಗಳಲ್ಲಿ ದಿನ ಹಿಡಿಸಿದರೆ ಒಟ್ಟು ಆರು ಹಿಡಿತಗಳಾಗುತ್ತವೆ. ಅವುಗಳಲ್ಲಿ ಖಚಿತವಾಗುವುದು ಒಂದೇ. ಉಳಿದ ಐದನ್ನು ತೆರವುಗೊಳಿಸುವ ವಿಧಾನವಿಲ್ಲದಿದ್ದರೆ ಡೈರಿ ತುಂಬಿದಂತೆ ಕಾಣುತ್ತದೆ, ನಿಜವಾಗಿ ಖಾಲಿ ಉಳಿಯುತ್ತದೆ. ಮುಹೂರ್ತದ ದಿನವೊಂದು ಹೀಗೆ ವ್ಯರ್ಥವಾದರೆ ಅದನ್ನು ಆಷಾಢದಲ್ಲಿ ತುಂಬಿಕೊಳ್ಳಲು ಬರುವುದಿಲ್ಲ.

## ಗಡುವನ್ನು ನಿಗದಿಪಡಿಸುವ ಬಗೆ

ಒಳ್ಳೆಯ ಗಡುವಿಗೆ ದಿನ ಮಾತ್ರವಲ್ಲ, ಗಂಟೆಯೂ ಇರುತ್ತದೆ. 'ಮೂರು ದಿನ ಹಿಡಿದಿಡುತ್ತೇವೆ' ಎಂದರೆ ಕೇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆಯೇ, ಮೂರನೆಯ ದಿನದ ಮಧ್ಯರಾತ್ರಿಯವರೆಗೆ ಅವಕಾಶವಿದೆಯೇ ಎಂಬುದು ಸ್ಪಷ್ಟವಾಗುವುದಿಲ್ಲ. 'ಗುರುವಾರ ಸಂಜೆ 5 ಗಂಟೆಯವರೆಗೆ' ಎಂದರೆ ಸಂದೇಹಕ್ಕೆ ಎಡೆಯಿಲ್ಲ. ಆ ಗಂಟೆಯು ಭವನದ ಕಚೇರಿ ತೆರೆದಿರುವ ವೇಳೆಯಲ್ಲಿಯೇ ಬರಬೇಕು. ಭಾನುವಾರ ರಾತ್ರಿ ಮುಗಿಯುವ ಗಡುವಿನಲ್ಲಿ ಹಣ ಬಂದಿದೆಯೇ ಎಂದು ನೋಡುವವರು ಯಾರೂ ಇರುವುದಿಲ್ಲ.

ಹಿಡಿತದ ಅವಧಿಯು ಕಾರ್ಯಕ್ರಮಕ್ಕೆ ಉಳಿದಿರುವ ಕಾಲವನ್ನು ಅವಲಂಬಿಸುತ್ತದೆ. ಎಂಟು ತಿಂಗಳ ಅನಂತರದ ದಿನಕ್ಕೆ ಒಂದು ವಾರದ ಹಿಡಿತ ಕೊಟ್ಟರೆ ಭವನಕ್ಕೆ ನಷ್ಟವಿಲ್ಲ, ಏಕೆಂದರೆ ದಿನ ತೆರವಾದರೂ ಬೇರೆಯವರು ಬರಲು ಕಾಲವಿದೆ. ಆರು ವಾರಗಳಷ್ಟೇ ಉಳಿದಿರುವಾಗ ಎರಡು ದಿನಕ್ಕಿಂತ ಹೆಚ್ಚು ಹಿಡಿದಿಡುವುದು ಅಪಾಯ. ಹದಿನೈದು ದಿನಗಳೊಳಗಿನ ಕಾರ್ಯಕ್ರಮಕ್ಕೆ ಹಿಡಿತವನ್ನೇ ಕೊಡದೆ, ಹಣ ಕಟ್ಟಿದವರಿಗೆ ದಿನ ಎಂಬ ನಿಯಮವೇ ಸರಳ. ಬೇಡಿಕೆಯಿಲ್ಲದ ವಾರದ ದಿನಗಳಿಗೆ ಉದಾರವಾದ ಅವಧಿಯನ್ನೂ, ಮುಹೂರ್ತವಿರುವ ಭಾನುವಾರಗಳಿಗೆ ಬಿಗಿಯಾದ ಅವಧಿಯನ್ನೂ ಇಡಬಹುದು. ಆದರೆ ಅದು ಕೇಳಿದವರ ಮುಖ ನೋಡಿ ಬದಲಾಗದೆ, ಮೊದಲೇ ಬರೆದಿಟ್ಟ ನಿಯಮವಾಗಿರಬೇಕು.

ಗಡುವು ಮುಗಿಯುವ ಮೊದಲು ಒಮ್ಮೆ ನೆನಪಿಸುವುದು ರೂಢಿ. ಹಿಂದಿನ ದಿನ ಒಂದು ದೂರವಾಣಿ ಕರೆ ಅಥವಾ ವಾಟ್ಸ್ಆ್ಯಪ್ ಸಂದೇಶ ಸಾಕು. ಈ ನೆನಪೋಲೆಯು ಸೌಜನ್ಯವೇ ಹೊರತು ಬಿಡುಗಡೆಗೆ ಷರತ್ತಲ್ಲ ಎಂಬುದನ್ನು ಮೊದಲೇ ತಿಳಿಸಿರಬೇಕು. ಇಲ್ಲವಾದರೆ 'ನಮಗೆ ಕರೆ ಬರಲಿಲ್ಲ, ಆದ್ದರಿಂದ ದಿನ ನಮ್ಮದೇ' ಎಂಬ ವಾದ ಹುಟ್ಟುತ್ತದೆ.

ಗಡುವನ್ನು ವಿಸ್ತರಿಸುವ ಪ್ರಶ್ನೆಯು ಊರಿನ ಪರಿಚಯಗಳ ನಡುವೆ ಸೂಕ್ಷ್ಮವಾದದ್ದು. ಒಬ್ಬರಿಗೆ ಕಾರಣವಿಲ್ಲದೆ ವಿಸ್ತರಿಸಿದರೆ ಮುಂದಿನವರೂ ಅದನ್ನೇ ಕೇಳುತ್ತಾರೆ. ಸರದಿಯಲ್ಲಿ ಇನ್ನೊಬ್ಬರು ಇಲ್ಲದಿದ್ದರೆ ಮಾತ್ರ, ಒಂದೇ ಬಾರಿ, ಹೊಸ ದಿನ ಮತ್ತು ಗಂಟೆಯನ್ನು ಬರೆದು ವಿಸ್ತರಿಸುವುದು ವಿವಾದಕ್ಕೆ ಆಸ್ಪದ ಕೊಡದ ಕ್ರಮ.

## ಸರದಿ ಮತ್ತು ಎರಡನೆಯವರ ಕರೆ

ಒಂದು ದಿನವನ್ನು ಮೊದಲನೆಯವರು ಹಿಡಿದಿಟ್ಟಿರುವಾಗ ಎರಡನೆಯವರು ಕೇಳಿದರೆ 'ಖಾಲಿ ಇಲ್ಲ' ಎನ್ನುವುದು ಸರಿಯಲ್ಲ, 'ಖಾಲಿ ಇದೆ' ಎನ್ನುವುದೂ ಸರಿಯಲ್ಲ. 'ಗುರುವಾರ ಸಂಜೆಯವರೆಗೆ ಒಬ್ಬರ ಹೆಸರಿನಲ್ಲಿ ಇದೆ. ಬಿಟ್ಟರೆ ಮೊದಲು ನಿಮಗೆ ತಿಳಿಸುತ್ತೇವೆ' ಎಂಬುದು ನಿಜವಾದ ಉತ್ತರ. ಅವರ ಹೆಸರನ್ನು ಎರಡನೆಯ ಸರದಿಯಲ್ಲಿ ಬರೆದಿಡಲಾಗುತ್ತದೆ. ಮೊದಲನೆಯವರು ಯಾರೆಂಬುದನ್ನು ಎರಡನೆಯವರಿಗೆ ಹೇಳದಿರುವುದು ಒಳ್ಳೆಯದು. ಹೇಳಿದರೆ ಬಂಧುಗಳ ಮೂಲಕ ಒತ್ತಡ ತರುವ ಸಂಭವವಿರುತ್ತದೆ.

ಎರಡನೆಯವರು ಅಂದೇ ಮುಂಗಡ ಕಟ್ಟಲು ಸಿದ್ಧರಿದ್ದರೆ ಏನು ಮಾಡಬೇಕು? ಇದಕ್ಕೆ ಎರಡು ಪದ್ಧತಿಗಳಿವೆ. ಮೊದಲನೆಯ ಪದ್ಧತಿಯಲ್ಲಿ ಕೊಟ್ಟ ಗಡುವನ್ನು ಪೂರ್ತಿಯಾಗಿ ಪಾಲಿಸಲಾಗುತ್ತದೆ. ಎರಡನೆಯದರಲ್ಲಿ ಮೊದಲನೆಯವರಿಗೆ ವಿಷಯ ತಿಳಿಸಿ, ಒಂದು ಪೂರ್ಣ ದಿನದೊಳಗೆ ಹಣ ಕಟ್ಟಬೇಕು ಅಥವಾ ಬಿಟ್ಟುಕೊಡಬೇಕು ಎಂದು ಕೇಳಲಾಗುತ್ತದೆ. ಸಭಾಂಗಣಗಳನ್ನು ಬಾಡಿಗೆಗೆ ಕೊಡುವವರಲ್ಲಿ ಅನೇಕ ದೇಶಗಳಲ್ಲಿ ರೂಢಿಯಲ್ಲಿರುವ ಕ್ರಮ ಇದು. ದಿನ ಹಿಡಿದಿಡುವಾಗಲೇ ಈ ಷರತ್ತನ್ನು ತಿಳಿಸಿದ್ದರೆ ಮಾತ್ರ ಇದು ನ್ಯಾಯ. ಗುರುವಾರದವರೆಗೆ ಎಂದು ಮಾತು ಕೊಟ್ಟು, ಮಧ್ಯದಲ್ಲಿ ಹೊಸ ಷರತ್ತು ಹಾಕಿದರೆ ಅದು ಮಾತು ತಪ್ಪಿದಂತೆಯೇ.

## ಡೈರಿಯಲ್ಲಿ ದಾಖಲಿಸುವ ಕ್ರಮ

ಭವನದ ಮ್ಯಾನೇಜರರು ದೊಡ್ಡ ಡೈರಿಯಲ್ಲಿ ಹಿಡಿತವನ್ನು ಪೆನ್ಸಿಲಿನಲ್ಲಿಯೂ, ಖಚಿತವಾದುದನ್ನು ಶಾಯಿಯಲ್ಲಿಯೂ ಬರೆಯುವುದು ಹಳೆಯ ವಿಧಾನ. ನೋಡಿದೊಡನೆ ವ್ಯತ್ಯಾಸ ತಿಳಿಯುತ್ತದೆ ಎಂಬುದು ಇದರ ಗುಣ. ಅಳಿಸಿದ ಮೇಲೆ ಯಾರು, ಎಂದಿನವರೆಗೆ ಹಿಡಿದಿದ್ದರು ಎಂಬುದಕ್ಕೆ ಕುರುಹು ಉಳಿಯದಿರುವುದು ಇದರ ದೋಷ. ಆದ್ದರಿಂದ ಅಳಿಸುವ ಬದಲು ಒಂದು ಗೆರೆ ಹೊಡೆದು, ಪಕ್ಕದಲ್ಲಿ 'ಬಿಡುಗಡೆ' ಎಂದು ಬರೆದು, ದಿನಾಂಕ ಮತ್ತು ಗಂಟೆಯೊಂದಿಗೆ ಸಹಿ ಮಾಡುವುದು ಲೇಸು.

ಡೈರಿ ಒಂದೇ ಇರಬೇಕು ಎಂಬುದು ಇನ್ನೊಂದು ಮುಖ್ಯ ನಿಯಮ. ಟ್ರಸ್ಟಿನ ಅಧ್ಯಕ್ಷರು ಮನೆಯಲ್ಲಿ ಒಬ್ಬರಿಗೆ ಮಾತು ಕೊಟ್ಟು, ಮ್ಯಾನೇಜರರು ಕಚೇರಿಯಲ್ಲಿ ಇನ್ನೊಬ್ಬರಿಂದ ಮುಂಗಡ ಪಡೆಯುವುದರಿಂದ ಒಂದೇ ದಿನಕ್ಕೆ ಎರಡು ಮದುವೆಗಳು ನಿಗದಿಯಾಗುತ್ತವೆ. ಯಾರೇ ಮಾತು ಕೊಟ್ಟರೂ ಡೈರಿಯಲ್ಲಿ ದಾಖಲಾಗುವವರೆಗೆ ಅದು ಹಿಡಿತವಲ್ಲ ಎಂದು ಆಡಳಿತ ಮಂಡಳಿ ನಿರ್ಣಯಿಸಿದ್ದರೆ ಈ ತೊಡಕು ತಪ್ಪುತ್ತದೆ.

ಒಂದು ಕಾಯ್ದಿರಿಸುವಿಕೆ ಕ್ಯಾಲೆಂಡರಿನ ಎರಡು ದಿನಗಳನ್ನು ಆವರಿಸಬಹುದು ಎಂಬುದನ್ನೂ ಗಮನಿಸಬೇಕು. ಭಾನುವಾರ ಮಧ್ಯಾಹ್ನದ ಮದುವೆಗೆ ಶನಿವಾರ ಸಂಜೆಯೇ ಮಂಟಪದ ಅಲಂಕಾರ ನಡೆಯುತ್ತದೆ, ಅಡುಗೆಯವರು ಬರುತ್ತಾರೆ. ಹಾಗಾಗಿ ಶನಿವಾರ ರಾತ್ರಿಯ ಔತಣಕೂಟಕ್ಕೆ ಅದೇ ಭವನವನ್ನು ಬೇರೆಯವರಿಗೆ ಕೊಡಲಾಗದು. 'ಶನಿವಾರ ಸಂಜೆ 5ರಿಂದ ಭಾನುವಾರ ಸಂಜೆ 5ರವರೆಗೆ' ಎಂದು ಬರೆಯದೆ 'ಭಾನುವಾರ' ಎಂದಷ್ಟೇ ಬರೆದರೆ, ಹಿಡಿತಗಳೆರಡೂ ಕಾಗದದ ಮೇಲೆ ಸರಿಯಾಗಿದ್ದು ಅಡುಗೆಮನೆಯಲ್ಲಿ ಘರ್ಷಣೆ ಉಂಟಾಗುತ್ತದೆ.

## ಒಂದು ಉದಾಹರಣೆ

ಮೇಲಿನ ನಿಯಮಗಳು ಒಟ್ಟಾಗಿ ಕೆಲಸ ಮಾಡುವ ಬಗೆಯನ್ನು ಕಲ್ಪಿತ ಉದಾಹರಣೆಯೊಂದರಿಂದ ತಿಳಿಯಬಹುದು. ಕುಂದಾಪುರದ ಒಂದು ಭವನದ ಬಾಡಿಗೆ ₹60,000, ಮುಂಗಡ ₹15,000 ಎಂದಿಟ್ಟುಕೊಳ್ಳಬಹುದು. ಹಿಡಿತದ ಅವಧಿ ಮೂರು ದಿನ. ಎರಡನೆಯವರು ಹಣ ಕಟ್ಟಲು ಸಿದ್ಧರಾದರೆ ಮೊದಲನೆಯವರಿಗೆ 24 ಗಂಟೆಗಳ ಸೂಚನೆ. ಗಡುವಿನೊಳಗೆ ಹಣ ಕಳುಹಿಸಿದ ಪುರಾವೆ ತೋರಿಸಿದರೆ, ಅದು ಖಾತೆಗೆ ಸೇರಲು ಒಂದು ಗಂಟೆಯ ಹೆಚ್ಚುವರಿ ಕಾಲ. ಈ ಮೂರು ನಿಯಮಗಳನ್ನು ದಿನ ಹಿಡಿಯುವಾಗಲೇ ಸಂದೇಶದ ಮೂಲಕ ಕಳುಹಿಸಲಾಗುತ್ತದೆ.

ಸೋಮವಾರ ಸಂಜೆ 5 ಗಂಟೆಗೆ ಬೆಂಗಳೂರಿನಲ್ಲಿರುವ ಕುಟುಂಬವೊಂದು ಮಗಳ ಮದುವೆಗಾಗಿ ಏಪ್ರಿಲ್ ತಿಂಗಳ ಒಂದು ಭಾನುವಾರವನ್ನು ಹಿಡಿಸುತ್ತದೆ. ಗಡುವು ಗುರುವಾರ ಸಂಜೆ 5. ವರನ ಕಡೆಯವರ ಒಪ್ಪಿಗೆ ಇನ್ನೂ ಬಂದಿಲ್ಲ. ಮಂಗಳವಾರ ಬೈಂದೂರಿನ ಎರಡನೆಯ ಕುಟುಂಬವು ಅದೇ ಭಾನುವಾರವನ್ನು ಕೇಳಿ, ಸರದಿಯಲ್ಲಿ ಹೆಸರು ಬರೆಸುತ್ತದೆ. ಈ ಕುಟುಂಬವು ಮುನ್ನೆಚ್ಚರಿಕೆಯಾಗಿ ಬ್ರಹ್ಮಾವರದ ಇನ್ನೊಂದು ಭವನದಲ್ಲಿಯೂ ಅದೇ ದಿನವನ್ನು ಹಿಡಿಸಿದೆ. ಅಲ್ಲಿನ ಗಡುವು ಗುರುವಾರ ಮಧ್ಯಾಹ್ನ 12.

ತೊಡಕು ಇಲ್ಲಿದೆ. ಕುಂದಾಪುರದ ಫಲಿತಾಂಶ ಗುರುವಾರ ಸಂಜೆ ತಿಳಿಯುತ್ತದೆ. ಬ್ರಹ್ಮಾವರದ ಅವಕಾಶ ಮಧ್ಯಾಹ್ನವೇ ಮುಗಿಯುತ್ತದೆ. ಎರಡನೆಯ ಕುಟುಂಬವು ಸಂಜೆಯವರೆಗೆ ಕಾದರೆ ಎರಡೂ ಭವನಗಳನ್ನು ಕಳೆದುಕೊಳ್ಳಬಹುದು. ಕಾಯದೆ ಬ್ರಹ್ಮಾವರಕ್ಕೆ ಮುಂಗಡ ಕಟ್ಟಿದರೆ, ಸಂಜೆ ಕುಂದಾಪುರದ ಭವನ ತೆರವಾದರೂ ಪ್ರಯೋಜನವಿಲ್ಲ.

ಆದ್ದರಿಂದ ಬುಧವಾರ ಬೆಳಿಗ್ಗೆ 10 ಗಂಟೆಗೆ ಎರಡನೆಯ ಕುಟುಂಬವು ಅಂದೇ ಮುಂಗಡ ಕಟ್ಟಲು ಸಿದ್ಧವೆಂದು ತಿಳಿಸುತ್ತದೆ. ಮ್ಯಾನೇಜರರು ಮೊದಲ ಕುಟುಂಬಕ್ಕೆ ಕರೆ ಮಾಡಿ, ಸಂದೇಶವನ್ನೂ ಕಳುಹಿಸಿ, ಗುರುವಾರ ಬೆಳಿಗ್ಗೆ 10ರೊಳಗೆ ನಿರ್ಧರಿಸುವಂತೆ ಕೋರುತ್ತಾರೆ. ಆ ಕುಟುಂಬವು ಅಂದು ರಾತ್ರಿ ವರನ ಕಡೆಯವರೊಡನೆ ಮಾತನಾಡಿ ಒಪ್ಪಿಗೆ ಪಡೆಯುತ್ತದೆ. ಗುರುವಾರ ಬೆಳಿಗ್ಗೆ 9.40ಕ್ಕೆ ಯುಪಿಐ ಮೂಲಕ ₹15,000 ಕಳುಹಿಸುತ್ತದೆ. ಹಣ ಅವರ ಖಾತೆಯಿಂದ ಕಡಿತವಾಗುತ್ತದೆ, ಆದರೆ ಭವನದ ಖಾತೆಗೆ ಸೇರುವುದಿಲ್ಲ. ಫೋನಿನ ಪರದೆಯಲ್ಲಿ ವ್ಯವಹಾರವು ಬಾಕಿಯಿದೆ ಎಂದು ತೋರಿಸುತ್ತದೆ. ಅವರು ವ್ಯವಹಾರದ ಉಲ್ಲೇಖ ಸಂಖ್ಯೆ ಕಾಣುವ ಪರದೆಯ ಚಿತ್ರವನ್ನು 9.50ಕ್ಕೆ ಕಳುಹಿಸುತ್ತಾರೆ.

ಗಂಟೆ 10 ಆದಾಗ ಖಾತೆಯಲ್ಲಿ ಹಣವಿಲ್ಲ. ನಿಯಮದಂತೆ ಮ್ಯಾನೇಜರರು 11ರವರೆಗೆ ಕಾಯುತ್ತಾರೆ. 10.25ಕ್ಕೆ ಹಣ ಜಮೆಯಾಗುತ್ತದೆ. ಕೂಡಲೇ ರಸೀದಿ ಬರೆದು, ಅದರ ಚಿತ್ರವನ್ನು ಮೊದಲ ಕುಟುಂಬಕ್ಕೆ ಕಳುಹಿಸಿ, 10.30ಕ್ಕೆ ಎರಡನೆಯ ಕುಟುಂಬಕ್ಕೆ ದಿನ ಖಚಿತವಾಯಿತೆಂದು ತಿಳಿಸುತ್ತಾರೆ. ಬ್ರಹ್ಮಾವರದ ಗಡುವಿಗೆ ಇನ್ನೂ ಒಂದೂವರೆ ಗಂಟೆಯಿದೆ. ಆ ಕುಟುಂಬವು ಅಲ್ಲಿ ಮುಂಗಡ ಕಟ್ಟಿ ದಿನವನ್ನು ಉಳಿಸಿಕೊಳ್ಳುತ್ತದೆ.

ಈ ಪ್ರಕರಣದಲ್ಲಿ ಎರಡು ಮದುವೆಗಳೂ ಅಂದುಕೊಂಡ ಮುಹೂರ್ತದಲ್ಲಿಯೇ ನಡೆಯುವಂತಾದುದಕ್ಕೆ 24 ಗಂಟೆಗಳ ಸೂಚನೆ ಮತ್ತು ಒಂದು ಗಂಟೆಯ ಹೆಚ್ಚುವರಿ ಕಾಲ ಎಂಬ ಎರಡು ನಿಯಮಗಳು ಕಾರಣ. ಮೊದಲನೆಯದು ಇಲ್ಲದಿದ್ದರೆ ಎರಡನೆಯ ಕುಟುಂಬವು ಕುರುಡಾಗಿ ನಿರ್ಧರಿಸಬೇಕಾಗುತ್ತಿತ್ತು. ಎರಡನೆಯದು ಇಲ್ಲದಿದ್ದರೆ ಹಣ ಕಳುಹಿಸಿಯೂ ಮೊದಲ ಕುಟುಂಬವು ದಿನವನ್ನು ಕಳೆದುಕೊಳ್ಳುತ್ತಿತ್ತು. 10.10ಕ್ಕೆ ಎರಡನೆಯವರಿಂದ ಮುಂಗಡ ಪಡೆದಿದ್ದರೆ, ಹದಿನೈದು ನಿಮಿಷಗಳಲ್ಲಿ ಭವನದ ಖಾತೆಯಲ್ಲಿ ಒಂದೇ ದಿನಕ್ಕೆ ಇಬ್ಬರ ಹಣ ಇರುತ್ತಿತ್ತು.

## ಕಾನೂನಿನ ದೃಷ್ಟಿ

ತಾತ್ಕಾಲಿಕ ಹಿಡಿತದ ಬಗ್ಗೆ ಭಾರತದಲ್ಲಿ ಪ್ರತ್ಯೇಕ ಕಾನೂನಿಲ್ಲ. ಇದಕ್ಕೆ 1872ರ ಭಾರತೀಯ ಕರಾರು ಅಧಿನಿಯಮದ ಸಾಮಾನ್ಯ ತತ್ತ್ವಗಳು ಅನ್ವಯಿಸುತ್ತವೆ. 'ಗುರುವಾರ ಸಂಜೆ 5ರೊಳಗೆ ಮುಂಗಡ ಕಟ್ಟಿದರೆ ಭವನ ನಿಮ್ಮದು' ಎಂಬ ಮಾತು ಒಂದು ಪ್ರಸ್ತಾವ. ಪ್ರಸ್ತಾವದ ಷರತ್ತನ್ನು ನೆರವೇರಿಸುವುದೇ ಅದರ ಸ್ವೀಕಾರ ಎಂದು 8ನೆಯ ಪ್ರಕರಣ ಹೇಳುತ್ತದೆ. ಆದ್ದರಿಂದ ಗಡುವಿನೊಳಗೆ ಹಣ ಕಟ್ಟಿದೊಡನೆ ಕರಾರು ಏರ್ಪಡುತ್ತದೆ. ಪ್ರಸ್ತಾವದಲ್ಲಿ ಹೇಳಿದ ಕಾಲ ಮೀರಿದರೆ ಅದು ಮುಗಿದುಹೋಗುತ್ತದೆ ಎಂಬುದು 6ನೆಯ ಪ್ರಕರಣದಲ್ಲಿದೆ. ಗಡುವಿನ ಬಿಡುಗಡೆಗೆ ಇದೇ ಆಧಾರ.

ಗಡುವಿಗೆ ಮೊದಲೇ ಭವನದವರು ದಿನವನ್ನು ಬೇರೆಯವರಿಗೆ ಕೊಡಬಹುದೇ ಎಂಬುದು ಹೆಚ್ಚು ಕಠಿನವಾದ ಪ್ರಶ್ನೆ. 5ನೆಯ ಪ್ರಕರಣದ ಪ್ರಕಾರ ಸ್ವೀಕಾರವಾಗುವ ಮೊದಲು ಪ್ರಸ್ತಾವವನ್ನು ಹಿಂತೆಗೆದುಕೊಳ್ಳಬಹುದು. ಪ್ರತಿಫಲವಿಲ್ಲದ ಒಪ್ಪಂದವು, ಕೆಲವು ವಿನಾಯಿತಿಗಳನ್ನು ಬಿಟ್ಟು, ಶೂನ್ಯವೆಂದು 25ನೆಯ ಪ್ರಕರಣ ತಿಳಿಸುತ್ತದೆ. ಹಣವನ್ನೇನೂ ಪಡೆಯದೆ ಕೊಟ್ಟ 'ಹಿಡಿದಿಡುತ್ತೇವೆ' ಎಂಬ ಮಾತು ಇದರಿಂದಾಗಿ ನ್ಯಾಯಾಲಯದಲ್ಲಿ ದುರ್ಬಲವಾಗುತ್ತದೆ.

ಈ ತತ್ತ್ವವನ್ನು ವಿವರಿಸುವ ಪ್ರಸಿದ್ಧ ಆಂಗ್ಲ ತೀರ್ಪು 1876ರ ಡಿಕಿನ್ಸನ್ ವಿರುದ್ಧ ಡಾಡ್ಸ್ ಪ್ರಕರಣದ್ದು. 1874ರ ಜೂನ್ 10ರಂದು ಡಾಡ್ಸ್ ತನ್ನ ಮನೆಗಳನ್ನು 800 ಪೌಂಡುಗಳಿಗೆ ಮಾರುವುದಾಗಿ ಡಿಕಿನ್ಸನ್‌ಗೆ ಬರೆದುಕೊಟ್ಟು, ಶುಕ್ರವಾರ ಬೆಳಿಗ್ಗೆ 9ರವರೆಗೆ ಈ ಪ್ರಸ್ತಾವ ತೆರೆದಿರುತ್ತದೆ ಎಂದಿದ್ದನು. ಗುರುವಾರವೇ ಬೇರೊಬ್ಬನೊಡನೆ ವ್ಯವಹಾರ ನಡೆಸಿದ ಸುದ್ದಿ ಡಿಕಿನ್ಸನ್‌ಗೆ ತಿಳಿಯಿತು. ಶುಕ್ರವಾರ ಬೆಳಿಗ್ಗೆ ಗಡುವಿಗೆ ಮೊದಲೇ ಅವನು ಸ್ವೀಕಾರ ಪತ್ರವನ್ನು ಡಾಡ್ಸ್‌ನ ಕೈಗೆ ಕೊಟ್ಟರೂ ನ್ಯಾಯಾಲಯವು ಅವನ ಪರವಾಗಿ ತೀರ್ಪು ನೀಡಲಿಲ್ಲ. ಪ್ರತಿಫಲ ಪಡೆಯದೆ ಕೊಟ್ಟ ಕಾಲಾವಕಾಶದ ಭರವಸೆಯು ಡಾಡ್ಸ್‌ನನ್ನು ಕಟ್ಟಿಹಾಕುವುದಿಲ್ಲ, ಆ ಪ್ರಸ್ತಾವವು ಹಿಂದೆಗೆಯಲ್ಪಟ್ಟದ್ದು ಡಿಕಿನ್ಸನ್‌ಗೆ ತಿಳಿದೇ ಇತ್ತು ಎಂಬುದು ನ್ಯಾಯಾಲಯದ ನಿಲುವಾಗಿತ್ತು.

ಹಿಡಿತಕ್ಕಾಗಿ ಪ್ರತ್ಯೇಕವಾಗಿ ಸಣ್ಣ ಶುಲ್ಕವೊಂದನ್ನು, ಉದಾಹರಣೆಗೆ ₹500, ಪಡೆದರೆ ಸ್ಥಿತಿ ಬದಲಾಗುತ್ತದೆ. ಆಗ ಭರವಸೆಗೆ ಪ್ರತಿಫಲ ದೊರೆತಿರುವುದರಿಂದ ಗಡುವಿನವರೆಗೆ ದಿನವನ್ನು ಹಿಡಿದಿಡಲು ಭವನವು ಬದ್ಧವಾಗುತ್ತದೆ. ಈ ಶುಲ್ಕವು ಮುಂಗಡಕ್ಕೆ ಸೇರುತ್ತದೆಯೇ, ಬಿಡುಗಡೆಯಾದರೆ ಮರಳಿ ಸಿಗುತ್ತದೆಯೇ ಎಂಬುದನ್ನು ರಸೀದಿಯಲ್ಲಿ ಬರೆದಿರಬೇಕು. ಅದೇ ರೀತಿ 'ಇದು ಹಿಡಿತ ಶುಲ್ಕ, ಮುಂಗಡವಲ್ಲ' ಎಂಬ ಮಾತೂ ಇರಬೇಕು. ಇಲ್ಲದಿದ್ದರೆ ಆ ರಸೀದಿಯನ್ನೇ ಖಚಿತ ಕಾಯ್ದಿರಿಸುವಿಕೆಯ ಪುರಾವೆಯೆಂದು ತೋರಿಸಬಹುದು.

## ಖಚಿತವಾದ ಅನಂತರದ ರದ್ದತಿ

ಮುಂಗಡ ಕಟ್ಟಿದ ಮೇಲೆ ಕಾರ್ಯಕ್ರಮವನ್ನು ಕೈಬಿಟ್ಟರೆ ಹಣ ಎಷ್ಟು ಮರಳುತ್ತದೆ ಎಂಬುದು ಕರಾರಿನ ಷರತ್ತನ್ನು ಅವಲಂಬಿಸುತ್ತದೆ. ಆದರೆ ರಸೀದಿಯ ಹಿಂಬದಿಯಲ್ಲಿ 'ಮುಂಗಡ ಹಿಂದಿರುಗಿಸುವುದಿಲ್ಲ' ಎಂದು ಮುದ್ರಿಸಿದ ಮಾತ್ರಕ್ಕೆ ಎಲ್ಲ ಸಂದರ್ಭಗಳಲ್ಲಿಯೂ ಪೂರ್ಣ ಹಣವನ್ನು ಉಳಿಸಿಕೊಳ್ಳಬಹುದೆಂದು ಅರ್ಥವಲ್ಲ. ಕರಾರು ಮುರಿದಾಗ ಒಪ್ಪಂದದಲ್ಲಿ ಹೇಳಿದ ಮೊತ್ತವನ್ನು ಮೀರದಂತೆ ನ್ಯಾಯೋಚಿತ ಪರಿಹಾರವನ್ನಷ್ಟೇ ಪಡೆಯಬಹುದು ಎಂದು ಅಧಿನಿಯಮದ 74ನೆಯ ಪ್ರಕರಣ ಹೇಳುತ್ತದೆ. ಕೈಲಾಶ್ ನಾಥ್ ಅಸೋಸಿಯೇಟ್ಸ್ ವಿರುದ್ಧ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಈ ಪ್ರಕರಣವನ್ನು ವಿವರಿಸುತ್ತ, ನಷ್ಟವೇ ಆಗದಿರುವಲ್ಲಿ ಪರಿಹಾರಕ್ಕೆ ಆಧಾರವಿಲ್ಲ ಎಂಬ ನಿಲುವನ್ನು ತಳೆಯಿತು.

ಸಭಾಭವನಕ್ಕೆ ಇದನ್ನು ಅನ್ವಯಿಸಿದರೆ, ರದ್ದಾದ ದಿನವನ್ನು ಬೇರೆಯವರಿಗೆ ಅದೇ ಬಾಡಿಗೆಗೆ ಕೊಟ್ಟಿದ್ದಲ್ಲಿ ಭವನದ ನಷ್ಟ ಅಲ್ಪ. ಮುಹೂರ್ತಕ್ಕೆ ವಾರವಿರುವಾಗ ರದ್ದಾಗಿ ದಿನ ಖಾಲಿ ಉಳಿದರೆ ನಷ್ಟ ಹೆಚ್ಚು. ಆದ್ದರಿಂದ ಉಳಿದಿರುವ ಕಾಲಕ್ಕೆ ತಕ್ಕಂತೆ ಕಡಿತವನ್ನು ಹಂತಹಂತವಾಗಿ ನಿಗದಿಪಡಿಸುವುದು ಹೆಚ್ಚು ಸಮರ್ಥನೀಯ. ಈ ವಿಷಯದಲ್ಲಿ ವ್ಯಾಜ್ಯ ಉಂಟಾದರೆ ಗ್ರಾಹಕರು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಸಲ್ಲಿಸಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು.

## ಸಾಮಾನ್ಯವಾಗಿ ಕಂಡುಬರುವ ದೋಷಗಳು

ಗಡುವು ಮುಗಿದ ಮೇಲೆ ಬಂದ ಹಣ ಮೊದಲನೆಯ ತೊಡಕು. ಭವನದ ಕ್ಯೂಆರ್ ಚಿತ್ರವು ಒಮ್ಮೆ ಕೈಸೇರಿದರೆ ಯಾರು ಯಾವಾಗ ಬೇಕಾದರೂ ಹಣ ಕಳುಹಿಸಬಹುದು. ಹಣ ಖಾತೆಗೆ ಬಂದುದೇ ಒಪ್ಪಿಗೆಯಲ್ಲ. ಆದರೆ ಅದನ್ನು ಮೌನವಾಗಿ ಇರಿಸಿಕೊಂಡರೆ ಒಪ್ಪಿಗೆಯಂತೆ ತೋರುತ್ತದೆ. ದಿನವು ಬೇರೆಯವರಿಗೆ ಹೋಗಿದ್ದರೆ ಅಂದೇ ತಿಳಿಸಿ, ಹಣವನ್ನು ಬಂದ ಖಾತೆಗೇ ಹಿಂದಿರುಗಿಸಬೇಕು. ದಿನ ಇನ್ನೂ ಖಾಲಿಯಿದ್ದರೆ ಹೊಸ ರಸೀದಿ ಕೊಟ್ಟು ಖಚಿತಪಡಿಸಬಹುದು.

ಚೆಕ್ಕು ಕೊಟ್ಟಾಗಲೇ ಖಚಿತವೆಂದು ಭಾವಿಸುವುದು ಎರಡನೆಯದು. ಚೆಕ್ಕು ನಗದಾಗುವವರೆಗೆ ಕೊಡುವ ರಸೀದಿಯಲ್ಲಿ 'ಚೆಕ್ಕು ನಗದಾದ ಮೇಲೆ ಖಚಿತ' ಎಂದು ಬರೆಯುವುದು ವಾಡಿಕೆ.

ಮೂರನೆಯದು ಆಮಂತ್ರಣ ಪತ್ರಿಕೆಯನ್ನು ಅವಸರದಲ್ಲಿ ಅಚ್ಚಿಗೆ ಕೊಡುವುದು. ಹಿಡಿತವಿದೆಯೆಂಬ ಧೈರ್ಯದಿಂದ ಭವನದ ಹೆಸರನ್ನು ಮುದ್ರಿಸಿ, ಗಡುವನ್ನು ಮರೆತವರು ನೂರಾರು ಮನೆಗಳಿಗೆ ಸ್ಥಳ ಬದಲಾವಣೆಯನ್ನು ತಿಳಿಸಬೇಕಾಗುತ್ತದೆ. ಪತ್ರಿಕೆಯಲ್ಲಿ ಭವನದ ಹೆಸರು ಮುದ್ರಿತವಾಗಿರುವುದು ಭವನದವರನ್ನು ಯಾವ ರೀತಿಯಲ್ಲಿಯೂ ಬದ್ಧಗೊಳಿಸುವುದಿಲ್ಲ. ರಸೀದಿಯಲ್ಲಿರುವ ದಿನಾಂಕ, ವಾರ ಮತ್ತು ವೇಳೆಯನ್ನು ಪತ್ರಿಕೆಯ ಕರಡಿನೊಡನೆ ಹೋಲಿಸಿ ನೋಡಿದರೆ ದಿನಾಂಕ ಒಂದು, ವಾರ ಇನ್ನೊಂದು ಎಂಬಂತಹ ತಪ್ಪುಗಳೂ ಸಿಕ್ಕಿಬೀಳುತ್ತವೆ.

ಡೈರಿಯನ್ನು ನೋಡಿದರೆ ವ್ಯವಸ್ಥೆಯ ಆರೋಗ್ಯ ತಿಳಿಯುತ್ತದೆ. ಗಡುವು ದಾಟಿದ ಹಿಡಿತಗಳು ಗೆರೆ ಹೊಡೆಯದೆ ಉಳಿದಿದ್ದರೆ, ಒಂದೇ ಹೆಸರು ಹಲವು ಭಾನುವಾರಗಳ ಎದುರು ಕಂಡುಬಂದರೆ, ಅಥವಾ ಹೆಸರಿದ್ದು ಗಂಟೆ ಇಲ್ಲದಿದ್ದರೆ ಗಡುವು ಹೆಸರಿಗೆ ಮಾತ್ರ ಇದೆ ಎಂದರ್ಥ.

## ಮಿತಿಗಳು

ಗಡುವಿನ ನಿಯಮವು ಎಲ್ಲ ಸನ್ನಿವೇಶಗಳನ್ನೂ ಸರಿಪಡಿಸಲಾರದು. ದಿನ ಹಿಡಿಸಿದ ಮನೆಯಲ್ಲಿ ಮರಣ ಸಂಭವಿಸಿ ಸೂತಕ ಬಂದರೆ, ಗಂಟೆಯನ್ನು ತೋರಿಸಿ ಹಣ ಕೇಳುವುದು ಊರಿನಲ್ಲಿ ಒಪ್ಪುವ ನಡತೆಯಲ್ಲ. ಅಂಥಲ್ಲಿ ಎರಡನೆಯವರಿಗೆ ಕಾರಣ ತಿಳಿಸಿ ಕಾಲ ಕೇಳುವುದು ಮ್ಯಾನೇಜರರ ವಿವೇಚನೆಗೆ ಬಿಟ್ಟದ್ದು. ಇಡೀ ಪ್ರದೇಶಕ್ಕೇ ಒದಗುವ ಆಪತ್ತು ಇನ್ನೊಂದು ಬಗೆಯದು. 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಬೇಸಿಗೆಯ ಮದುವೆಗಳಿಗೆ ಖಚಿತವಾಗಿದ್ದ ಭವನಗಳೇ ಬಳಕೆಗೆ ಬರಲಿಲ್ಲ. ಅನಂತರ ಮದುವೆಗೆ 50 ಜನರ ಮಿತಿ ಬಂದಾಗ ದೊಡ್ಡ ಭವನಗಳ ಅಗತ್ಯವೂ ಉಳಿಯಲಿಲ್ಲ. ಇಂತಹ ಸಂದರ್ಭಗಳಲ್ಲಿ ಅನ್ವಯಿಸುವುದು ಗಡುವಿನ ನಿಯಮವಲ್ಲ. ನೆರವೇರಿಸಲು ಅಸಾಧ್ಯವಾದ ಕರಾರು ಶೂನ್ಯವಾಗುತ್ತದೆ ಎಂಬ 56ನೆಯ ಪ್ರಕರಣ ಮತ್ತು ಹಾಗೆ ಶೂನ್ಯವಾದ ಕರಾರಿನಡಿ ಪಡೆದ ಲಾಭವನ್ನು ಹಿಂದಿರುಗಿಸಬೇಕೆಂಬ 65ನೆಯ ಪ್ರಕರಣ.